ಫ್ರೀಜರ್ ಮತ್ತು ಸೋಮವಾರ: ದಾನಿಗಳಿಗೊಂದು ಪತ್ರ

ಸಾಹೇಬರಿಗೆ ನಮಸ್ಕಾರ.

ಅರಬ್ಬಿ ಹಸ್ತಪ್ರತಿಗಳಿಗೆಂದು ನೀವು ಕೊಟ್ಟ ದುಡ್ಡಿನಲ್ಲಿ ನಾನು ಐಸ್‌ಕ್ರೀಮ್ ಅಂಗಡಿಯ ಫ್ರೀಜರ್ ತಂದೆ ಎಂದು ಯಾರೋ ನಿಮ್ಮ ಕಿವಿಗೆ ಹಾಕಿದ್ದಾರಂತೆ. ನಿಜವೇ. ಸಾಗಾಣಿಕೆ ಸೇರಿ ಇಪ್ಪತ್ತೆಂಟು ಸಾವಿರದ ಆಸುಪಾಸು ಆಯಿತು. ಅದು ದಂಡವಾಗಲಿಲ್ಲ ಎಂದು ಲೆಕ್ಕ ಒಪ್ಪಿಸಲು ಈ ಪತ್ರ.

ನಿಮ್ಮ ಅಜ್ಜನವರ ಪೆಟ್ಟಿಗೆಯ ಪುಸ್ತಕಗಳಿಗೆ ಹುಳು ಹಿಡಿದಿತ್ತು. ಮೊದಲು ನಾನೂ ಎಲ್ಲರಂತೆ ಥೈಮಾಲ್ ಹೊಗೆ ಕೊಟ್ಟೆ. ಅದು ಬೂಷ್ಟಿಗೆ ಮದ್ದು, ಹಾಳೆ ಕೊರೆಯುವ ಹುಳುವಿಗಲ್ಲ. ಒಂದು ಪೆಟ್ಟಿಗೆಗೆ ಬೇವಿನ ಎಲೆ, ಇನ್ನೊಂದಕ್ಕೆ ಏನೂ ಇಲ್ಲದೆ ಒಂದು ಮಳೆಗಾಲ ಇಟ್ಟು ನೋಡಿದೆ. ಎರಡರ ಕೆಳಗೂ ಬಿಳಿ ಕಾಗದದ ಮೇಲೆ ಹೊಸ ಪುಡಿ ಉದುರಿತ್ತು. ಹೊಸ ಪುಡಿ ಎಂದರೆ ಒಳಗೆ ಜೀವ ಇದೆ ಎಂದರ್ಥ. ಕೊನೆಗೆ ಪುಸ್ತಕಗಳನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಬಿಗಿದು, ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಟ್ಟೆ. ಒಮ್ಮೆಗೆ ಐದಾರೇ ಪುಸ್ತಕ. ತುರುಕಿದರೆ ನಿಧಾನ ತಣಿಯುತ್ತದೆ, ಹುಳು ಚಳಿಗೆ ಒಗ್ಗಿಕೊಂಡು ಬದುಕಿಬಿಡುತ್ತದೆ. ಮೊದಲ ಸಲ ಅವಸರಪಟ್ಟು ಹೊರತೆಗೆದ ಸಂಜೆಯೇ ಚೀಲ ಬಿಚ್ಚಿದೆ. ತಣ್ಣನೆಯ ಹಾಳೆಯ ಮೇಲೆ ಗಾಳಿಯ ತೇವ ಕೂತು ಒಂದು ಪುಟದ ಕೆಂಪು ಶೀರ್ಷಿಕೆ ಹರಡಿಹೋಯಿತು. ಆ ತಪ್ಪು ನನ್ನದೇ. ಈಗ ಪೂರ್ತಿ ಒಂದು ದಿನ ಕಳೆಯದೆ ಬಿಚ್ಚುವುದಿಲ್ಲ. ಎರಡು ಮಳೆಗಾಲ ಕಳೆದವು, ಬಿಳಿ ಕಾಗದ ಬಿಳಿಯಾಗಿಯೇ ಇದೆ. ಆದರೂ ಹೊರಗಿನಿಂದ ಹೊಸ ಹುಳು ಬರುವುದನ್ನು ಫ್ರೀಜರ್ ತಡೆಯದು, ಕಾವಲು ಬಿಡುವಂತಿಲ್ಲ.

ಹುಳು ನಿಂತ ಮೇಲೇ ಹಸ್ತಪ್ರತಿಗಳ ಪಟ್ಟಿ ಮಾಡುವ ಕೆಲಸ. ನಿಮ್ಮ ಅಜ್ಜನವರು ಹನಫಿ ಫಿಕ್ಹ್, ಅಂದರೆ ಹನಫಿ ಪಂಥದ ಇಸ್ಲಾಮೀ ಧರ್ಮಶಾಸ್ತ್ರದ ಗ್ರಂಥದ ಮೇಲೆ ‘ಹಿಜರಿ 1077’ ಎಂದು ಚೀಟಿ ಅಂಟಿಸಿದ್ದರಲ್ಲ, ನನಗೆ ಗಂಟು ಬಿದ್ದದ್ದು ಅಲ್ಲಿ. ಲಿಪಿಕಾರ ಕೊನೆಯಲ್ಲಿ ವರ್ಷವನ್ನು ಅಂಕಿಯಲ್ಲಿ ಬರೆದಿಲ್ಲ, ಪದಗಳಲ್ಲಿ ಬರೆದಿದ್ದಾನೆ, ಅರಬ್ಬಿ ಅಕ್ಷರಗಳನ್ನು ಬೇರೆಬೇರೆಯಾಗಿ ಗುರುತಿಸುವ ಚುಕ್ಕೆಗಳನ್ನೂ ಇಟ್ಟಿಲ್ಲ. ಚುಕ್ಕೆ ಇಲ್ಲದಿದ್ದರೆ ಏಳು ಎನ್ನುವ ‘ಸಬ್ಅ’, ಒಂಬತ್ತು ಎನ್ನುವ ‘ತಿಸ್ಅ’ ಎರಡೂ ಅದೇ ನಾಲ್ಕು ಹಲ್ಲು, ಒಂದು ಬಾಲ. ಎಪ್ಪತ್ತು, ತೊಂಬತ್ತರದ್ದೂ ಇದೇ ಕಥೆ. ಹಾಗಾಗಿ ಆ ಸಾಲನ್ನು 1077, 1079, 1097, 1099 ಎಂದು ನಾಲ್ಕು ಬಗೆಯಲ್ಲಿ ಓದಬಹುದು. ಅಜ್ಜನವರು ಮೊದಲನೆಯದನ್ನು ಹಿಡಿದರು.

ಪುಣ್ಯಕ್ಕೆ ಲಿಪಿಕಾರ ವಾರವನ್ನೂ ಬರೆದಿದ್ದ: ರಂಜಾನ್ 15, ಸೋಮವಾರ. ಲೆಕ್ಕ ಹಾಕಿದೆ. ರಂಜಾನ್ 15 ಬೀಳುವುದು 1077ರಲ್ಲಿ ಶುಕ್ರವಾರ, 1079ರಲ್ಲಿ ಶನಿವಾರ, 1097ರಲ್ಲಿ ಸೋಮವಾರ, 1099ರಲ್ಲಿ ಬುಧವಾರ. ಚಂದ್ರದರ್ಶನದಿಂದ ಒಂದು ದಿನ ಹಿಂದೆಮುಂದೆ ಆಗಬಹುದು. ಆ ಸಡಿಲ ಬಿಟ್ಟರೂ ಉಳಿಯುವುದು 1097 ಒಂದೇ. ಅವನು ಭಾನುವಾರ ಎಂದು ಬರೆದಿದ್ದರೆ 1079, 1097ರ ನಡುವೆ ನಾನು ಇವತ್ತಿಗೂ ತೂಗಾಡುತ್ತಿದ್ದೆ.

ಅರಬ್ಬಿ ಬಲ್ಲ ಗೆಳೆಯರಿಬ್ಬರು ನಕ್ಕರು. ‘ವಾರ ನೋಡಿ ವರ್ಷ ಹೇಳಲು ನೀವೇನು ಪಂಚಾಂಗದವರಾ?’ ಎಂದರು. ನಾನು ಸುಮ್ಮನಿದ್ದು ಅದೇ ಗ್ರಂಥದ ಬಿಡಿ ಹಾಳೆಗಳಿಗೆ ಕೈಹಾಕಿದೆ. ಪುಟದಂಕಿ ಇಲ್ಲದ ಪುಸ್ತಕ ಅದು. ಎಡಪುಟಕ್ಕೆ ದಾಟಬೇಕಾದ ಕಡೆ ಬಲಪುಟದ ಅಡಿಯಲ್ಲಿ ಮುಂದಿನ ಪುಟದ ಮೊದಲ ಪದವನ್ನು ಬರೆದಿರುತ್ತಾರಲ್ಲ, ಅದನ್ನೇ ಹಿಡಿದು ಹಾಳೆಗೆ ಹಾಳೆ ಜೋಡಿಸುತ್ತ ಹೋದೆ, ಮೂರು ತಿಂಗಳು. ಒಂದೇ ಪದ ಹಲವು ಕಡೆ ಬರುವುದರಿಂದ ಪದ ಕೂಡಿದರೆ ಸಾಲದು, ವಾಕ್ಯವೂ ಕೂಡಬೇಕು. ಹುಳು ಕೊರೆದ ತೂತೂ ಎದುರಿನ ಹಾಳೆಯ ತೂತಿಗೆ ಹೊಂದಬೇಕು. ತೂತು ಹೊಂದಿಸಲು ನನ್ನದೊಂದು ಉಪಾಯವಿದೆ, ಅದನ್ನು ಕಾಗದದಲ್ಲಿ ಬರೆಯುವುದಿಲ್ಲ, ಬಂದಾಗ ತೋರಿಸುತ್ತೇನೆ. ಯಾವನೋ ರಟ್ಟು ಕಟ್ಟುವವನು ತಲೆಕೆಳಗು ಹೊಲಿದಿದ್ದ ಒಂದು ಹಾಳೆ ತನ್ನ ಜಾಗಕ್ಕೆ ಬಂದಾಗ ಅದು ಮೊದಲ ಭಾಗದ ಮುಕ್ತಾಯ ಎಂದು ತಿಳಿಯಿತು. ಕೈಬರಹ ಅದೇ ಲಿಪಿಕಾರನದು. ಅಲ್ಲಿ ವರ್ಷ ಅಂಕಿಯಲ್ಲೇ ಇದೆ: 1096. ನಕ್ಕವರಿಗೆ ಚಹಾ ಕುಡಿಸಿ ಆ ಹಾಳೆ ತೋರಿಸಿದೆ.

ಹಿಜರಿ 1097ರ ಆ ಸೋಮವಾರ ಎಂದರೆ 1686ರ ಆಗಸ್ಟ್ 5. ಔರಂಗಜೇಬನ ಸೈನ್ಯ ಬಿಜಾಪುರಕ್ಕೆ ಮುತ್ತಿಗೆ ಹಾಕಿ ಕೂತಿದ್ದ ಕಾಲ, ಮುಂದಿನ ತಿಂಗಳೇ ಕೋಟೆ ಬಿತ್ತು. ಲಿಪಿಕಾರ ಊರಿನ ಹೆಸರು ಬರೆದಿಲ್ಲ, ಆದ್ದರಿಂದ ‘ಬಿಜಾಪುರದಲ್ಲಿ ಬರೆದದ್ದು’ ಎಂದು ಪಟ್ಟಿಯಲ್ಲಿ ಸೇರಿಸುವ ಆಸೆಯನ್ನು ನುಂಗಿಕೊಂಡಿದ್ದೇನೆ.

ಉಳಿದ ದುಡ್ಡು ಆಮ್ಲರಹಿತ ರಟ್ಟಿನ ಡಬ್ಬಿಗಳಿಗೆ ಹೋಯಿತು, ರಸೀದಿಗಳು ಜೊತೆಗಿವೆ. ಅಜ್ಜನವರ ಚೀಟಿಯನ್ನು ಕಿತ್ತಿಲ್ಲ. ಪಟ್ಟಿಯಲ್ಲಿ 1097 ಎಂದು ಬರೆದು, ಹಳೆಯ ಚೀಟಿಯಲ್ಲಿ 1077 ಇದೆ ಎಂದೂ ಕಾರಣವನ್ನೂ ಕೆಳಗೆ ನಮೂದಿಸಿದ್ದೇನೆ.