ಹಳೇ ಲ್ಯಾಪ್‌ಟಾಪ್‌ಗೆ 5 ಗಿಗಾಹರ್ಟ್ಸ್ ವೈಫೈ ಕಾಣಿಸಿದ್ದು ಹೇಗೆ: ನನ್ನ ಅನುಭವ

ನನ್ನದು 2011ರ ಲ್ಯಾಪ್‌ಟಾಪ್. ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಹಾಕಿ ಚೆನ್ನಾಗೇ ಓಡಿಸ್ತಿದ್ದೆ. ಮನೆಗೆ 100 ಎಂಬಿಪಿಎಸ್ ಫೈಬರ್ ಬಂದ ಮೇಲೆ ಶುರುವಾಯ್ತು ತಲೆನೋವು. ಫೋನಿನಲ್ಲಿ ರೂಟರಿನ 2.4 ಮತ್ತು 5 ಗಿಗಾಹರ್ಟ್ಸ್ ಬ್ಯಾಂಡಿನ ಎರಡೂ ಹೆಸರು ಕಾಣುತ್ತೆ, ಲ್ಯಾಪ್‌ಟಾಪಿನಲ್ಲಿ 2.4 ಮಾತ್ರ. ನಮ್ಮದು ಅಪಾರ್ಟ್‌ಮೆಂಟ್, ಸುತ್ತ ಇಪ್ಪತ್ತು ರೂಟರ್. ಸಂಜೆ ಹೊತ್ತು 20-25 ಎಂಬಿಪಿಎಸ್ ಬಂದರೆ ಪುಣ್ಯ.

ಅಣ್ಣನ ಮಗ "ಡ್ರೈವರ್ ಹಾಕಿ ಚಿಕ್ಕಪ್ಪ" ಅಂದ. ಹಾಕಿದೆ. ಸರ್ವೀಸ್ ಅಂಗಡಿಯವರು ವಿಂಡೋಸ್ ಹೊಸದಾಗಿ ಹಾಕಿ 600 ರೂಪಾಯಿ ತಗೊಂಡರು. ಆಗಲೂ ಅದೇ ಕಥೆ. ಕೊನೆಗೆ ಎಲ್ಲರೂ "ಹೊಸದು ತಗೊಳ್ಳಿ" ಅಂದರು. ಆಮೇಲೆ ನಾನೇ ಕೂತು ಕಮಾಂಡ್ ಪ್ರಾಂಪ್ಟಿನಲ್ಲಿ ಈ ಕಮಾಂಡ್ ಕೊಟ್ಟು ನೋಡಿದೆ:

```
netsh wlan show drivers
```

ಅದರಲ್ಲಿ `Radio types supported` ಅನ್ನೋ ಸಾಲಿನಲ್ಲಿ 802.11b, 802.11g, 802.11n ಅಂತಷ್ಟೇ ಇತ್ತು. ಎಲ್ಲರೂ ಮೋಸ ಹೋಗೋದು ಇಲ್ಲೇ. n ಇದೆ ಅಂದ ಮಾತ್ರಕ್ಕೆ 5 ಸಿಗುತ್ತೆ ಅಂತಲ್ಲ, n ಎರಡೂ ಬ್ಯಾಂಡಿನಲ್ಲಿ ಓಡಬಲ್ಲದು, ಆದರೆ ಕಾರ್ಡ್ ಅದನ್ನು ಬರೀ 2.4ರಲ್ಲಿ ಓಡಿಸ್ತಿರಬಹುದು. ಆ ಸಾಲಿನಲ್ಲಿ ಹುಡುಕಬೇಕಾದ್ದು 5ರಲ್ಲೇ ಓಡುವ 802.11a ಅಥವಾ 802.11ac. ನನ್ನ ಕಾರ್ಡಿನ ಹೆಸರು Centrino Wireless-N 1000. ಆ ಕಾಲದ ಇಂಟೆಲ್ ಕಾರ್ಡುಗಳಲ್ಲಿ 1000, 1030, 2200, 2230 ಎಲ್ಲಾ ಬರೀ 2.4. Advanced-N ಅಂತಿದ್ದ 6200, 6205, 6230, 6235 ಎರಡೂ ಬ್ಯಾಂಡಿನವು. ಸಮಾಧಾನಕ್ಕೆ ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ `iw list` ಕೊಟ್ಟೆ. 2.4ರ `Band 1` ಇತ್ತು, 5ರ `Band 2` ಇರಲೇ ಇಲ್ಲ. ಅಲ್ಲಿಗೆ ಡ್ರೈವರ್ ಮಾತು ಮುಗೀತು. ಕಾರ್ಡಿನಲ್ಲಿ 5ರ ರೇಡಿಯೋನೇ ಇಲ್ಲದಿದ್ದರೆ ಯಾವ ಡ್ರೈವರ್ ಏನು ಮಾಡುತ್ತೆ?

ಮೊದಲು 350 ರೂಪಾಯಿಯ ಯುಎಸ್‌ಬಿ ಡಾಂಗಲ್ ತಂದೆ. ಉದ್ದ ಆಂಟೆನಾ, ಡಬ್ಬದ ಮೇಲೆ ದೊಡ್ಡದಾಗಿ 300 ಎಂಬಿಪಿಎಸ್. ಅದೂ ಬರೀ 2.4. ಡಬ್ಬದ ಮೇಲಿನ ಸ್ಪೀಡಿಗೂ ಬ್ಯಾಂಡಿಗೂ ಸಂಬಂಧವಿಲ್ಲ ಅಂತ ದುಡ್ಡು ಕೊಟ್ಟು ಕಲಿತೆ.

ಆಮೇಲೆ ಒಳಗಿನ ಕಾರ್ಡನ್ನೇ ಬದಲಿಸೋಣ ಅಂತ ಇಂಟೆಲ್‌ನ 7260HMW ಕಾರ್ಡ್ ತರಿಸಿದೆ, ಸುಮಾರು 900 ರೂಪಾಯಿ. ಎರಡು ಬ್ಯಾಂಡ್, ac ಕೂಡ ಇದೆ, ಹಳೇ ಮಿನಿ ಪಿಸಿಐಇ ಸ್ಲಾಟಿಗೆ ಸರಿಯಾಗಿ ಕೂರುತ್ತೆ. (7260NGW ತಗೋಬೇಡಿ, ಅದು ಎಂ.2.) ಕೂರಿಸಿ ಆನ್ ಮಾಡಿದರೆ ಕಪ್ಪು ಪರದೆ ಮೇಲೆ ಒಂದು ಸಾಲು: ಒಪ್ಪಿಗೆ ಇಲ್ಲದ ವೈರ್‌ಲೆಸ್ ಕಾರ್ಡ್ ಇದೆ, ತೆಗೆಯಿರಿ. ಮುಂದಕ್ಕೇ ಹೋಗಲಿಲ್ಲ. ಬಯಾಸಿನಲ್ಲಿ ವೈಟ್‌ಲಿಸ್ಟ್ ಇತ್ತು, ಅಂದರೆ ಕಂಪನಿ ಒಪ್ಪಿದ ಕಾರ್ಡುಗಳ ಪಟ್ಟಿ.

ಬಯಾಸ್ ತಿದ್ದುವ ದಾರಿ ಇದೆ, ಆದರೆ ಬೋರ್ಡ್ ಸತ್ತರೆ ಕೆಲಸ ಕೆಡುತ್ತೆ. ನಾನು ಆ ಮಾಡೆಲಿನ ಸರ್ವೀಸ್ ಮ್ಯಾನುಯಲ್ ತೆಗೆದು ಬಿಡಿಭಾಗಗಳ ಪಟ್ಟಿ ನೋಡಿದೆ. ಅದೇ ಸರಣಿಯ ದುಬಾರಿ ಮಾಡೆಲ್‌ಗೆ 6205 ಕೊಟ್ಟಿದ್ದರು, ಪಾರ್ಟ್ ನಂಬರ್ ಸಮೇತ. ಸುಮ್ನೆ ಯಾವುದೋ 6205 ತಂದರೆ ಆಗಲ್ಲ. ಬಯಾಸ್ ನೋಡೋದು ಚಿಪ್ಪನ್ನಷ್ಟೇ ಅಲ್ಲ, ಕಾರ್ಡ್ ಯಾವ ಕಂಪನಿಗೆ ಮಾಡಿದ್ದು ಅನ್ನೋ ಐಡಿಯನ್ನೂ ನೋಡುತ್ತೆ. ಲ್ಯಾಪ್‌ಟಾಪ್ ಕಂಪನಿಯ ನಂಬರಿನ ಸ್ಟಿಕ್ಕರ್ ಇರೋ ಕಾರ್ಡೇ ಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡು ಶನಿವಾರ ಸುತ್ತಿ, ಹಳೇ ಕಾರ್ಡುಗಳ ಡಬ್ಬದಲ್ಲಿ ಒಂದು ಸಿಕ್ಕಿತು, 400 ರೂಪಾಯಿ. ಯಾವ ಅಂಗಡಿ ಅಂತ ಈಗ ಹೇಳಲ್ಲ, ನನಗೆ ಇನ್ನೂ ಎರಡು ಬೇಕು.

ಈ ಸಲ ಬೂಟ್ ಆಯ್ತು! ರೂಟರಿನ 5ರ ಹೆಸರು ಬಂದಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಆದರೆ ರೂಟರಿನ ಜೊತೆಗಿನ ಲಿಂಕ್ ಸ್ಪೀಡ್ 150 ಎಂಬಿಪಿಎಸ್ ದಾಟಲಿಲ್ಲ, ಪದೇ ಪದೇ ಕಡಿತ. ಮತ್ತೆ ಬಿಚ್ಚಿದೆ. ಎರಡು ಆಂಟೆನಾ ವೈರುಗಳಲ್ಲಿ ಕಪ್ಪು ವೈರ್ ಕಾರ್ಡಿನ ಮೇಲೆ ಕೂತಂತೆ ಕಾಣ್ತಿತ್ತು, ಆದರೆ ಪೂರ್ತಿ ಒತ್ತಿಕೊಂಡಿರಲಿಲ್ಲ. ಉಗುರಿನಿಂದ ನೇರವಾಗಿ ಒತ್ತಿದಾಗ ಸಣ್ಣಗೆ ಟಕ್ ಅಂತು. `netsh wlan show interfaces` ಕೊಟ್ಟರೆ ಚಾನೆಲ್ 44, ಲಿಂಕ್ 300. ಸ್ಪೀಡ್ ಟೆಸ್ಟಿನಲ್ಲಿ 92-94, ಅಂದರೆ ಪ್ಲಾನಿನಷ್ಟೂ ಬಂತು. ac ಇಲ್ಲದ ಹಳೇ n ಕಾರ್ಡಿಗೆ ಇದು ಸಾಕಲ್ವಾ? ರೂಟರಿನಲ್ಲಿ ಮಾತ್ರ 'ಬರೀ ac' ಅಂತ ಇಡಬೇಡಿ, ಇಟ್ಟರೆ ಇದು ಸೇರಲ್ಲ. ಎರಡು ಗೋಡೆ ದಾಟಿ ಅಡುಗೆಮನೆಗೆ ಹೋದರೆ 40ಕ್ಕೆ ಇಳಿಯುತ್ತೆ, ಅಲ್ಲಿ 2.4ಗೇ ಸೇರಿಸ್ತೀನಿ.

ಉಳಿದಿದ್ದ 7260 ಕಾರ್ಡನ್ನು ತಂಗಿಯ ಬೇರೆ ಕಂಪನಿ ಲ್ಯಾಪ್‌ಟಾಪಿಗೆ ಹಾಕಿದೆ. ಅದರ ಬಯಾಸ್ ಏನೂ ತಕರಾರು ಮಾಡಲಿಲ್ಲ, ಹತ್ತು ನಿಮಿಷದ ಕೆಲಸ, ರೂಟರ್ ಪಕ್ಕದಲ್ಲಿ ಲಿಂಕ್ 866 ತೋರಿಸ್ತಿದೆ.