ಒಂದು ಸ್ಲೈಡಿಗೆ ಒಂದೇ ಸಂಖ್ಯೆ: ಜನಗಣತಿಯ ಅಂಕಿಗಳಿಂದ ಕ್ಯಾರೊಸೆಲ್ ಮಾಡುವ ನನ್ನ ಕ್ರಮ

ಅಂಕಿಅಂಶದ ಕ್ಯಾರೊಸೆಲ್, ಅಂದರೆ ಮೊಬೈಲಿನಲ್ಲಿ ಒಂದೊಂದಾಗಿ ಸರಿಸಿ ನೋಡುವ ಸ್ಲೈಡುಗಳ ಸರಣಿ, ಮಾಡುವಾಗ ನಾನು ಮೊದಲು ತೆರೆಯುವುದು ಡಿಸೈನ್ ಆ್ಯಪ್ ಅಲ್ಲ, ಖಾಲಿ ಹಾಳೆ. ಇಡೀ ಕ್ಯಾರೊಸೆಲ್ ಹೇಳಬೇಕಾದ ಮಾತನ್ನು ಅದರಲ್ಲಿ ಒಂದೇ ವಾಕ್ಯವಾಗಿ ಬರೆದುಕೊಳ್ಳುತ್ತೇನೆ. ಆ ವಾಕ್ಯಕ್ಕೆ ಬೇಡವಾದ ಸಂಖ್ಯೆ ಎಷ್ಟೇ ಚೆನ್ನಾಗಿದ್ದರೂ ಒಳಗೆ ಬರುವುದಿಲ್ಲ. 2011ರ ಜನಗಣತಿಯ ಸಾಕ್ಷರತೆಯ ಅಂಕಿಗಳನ್ನೇ ಇಟ್ಟುಕೊಂಡು ಇದನ್ನು ಹಂತಹಂತವಾಗಿ ವಿವರಿಸುತ್ತೇನೆ.

ಹೇಳಬೇಕಾದ ಮಾತು ಇದು: ಕರ್ನಾಟಕದ ಸರಾಸರಿಯನ್ನು ನೋಡಿದರೆ ಯಾದಗಿರಿಯ ಹೆಣ್ಣುಮಕ್ಕಳ ಸ್ಥಿತಿ ಕಾಣುವುದಿಲ್ಲ.

ಕೈಯಲ್ಲಿರುವ ಅಂಕಿಗಳಲ್ಲಿ ರಾಜ್ಯದ ಮಹಿಳಾ ಸಾಕ್ಷರತೆ ಶೇ 68.08, ಪುರುಷರದು ಶೇ 82.47. ಜಿಲ್ಲೆಗಳಿಗೆ ಬಂದರೆ ಮಹಿಳಾ ಸಾಕ್ಷರತೆ ದಕ್ಷಿಣ ಕನ್ನಡದಲ್ಲಿ ಶೇ 84.13, ಯಾದಗಿರಿಯಲ್ಲಿ ಶೇ 41.38. ಇವನ್ನು ಹೀಗೆಯೇ ಸ್ಲೈಡಿಗೆ ಹಾಕಿದರೆ ಓದುಗ ಪ್ರತಿ ಸಲವೂ ನೂರರಿಂದ ಕಳೆದು ಕೊರತೆ ಎಷ್ಟೆಂದು ಲೆಕ್ಕ ಹಾಕಬೇಕಾಗುತ್ತದೆ. ಮಾತು ಕೊರತೆಯದ್ದಾಗಿರುವುದರಿಂದ ಸಂಖ್ಯೆಯೂ ಕೊರತೆಯದ್ದೇ ಆಗಿರಬೇಕು. ಆದ್ದರಿಂದ ನಾಲ್ಕನ್ನೂ ತಿರುಗಿಸಿ, 100ರಲ್ಲಿ ಓದುಬರಹ ಬಾರದವರು ಎಷ್ಟು ಎಂದು ಮಾಡಿಕೊಳ್ಳುತ್ತೇನೆ. ಆಗ ಕ್ರಮವಾಗಿ 32, 18, 16, 59 ಸಿಗುತ್ತವೆ. ಒಂದು ಸ್ಲೈಡಿನಲ್ಲಿ ಸಾಕ್ಷರರು, ಮುಂದಿನದರಲ್ಲಿ ನಿರಕ್ಷರರು ಎಂದು ದಿಕ್ಕು ಬದಲಿಸಿದರೆ ಕೆಲಸ ಕೆಟ್ಟಂತೆ. ಬೆರಳಿನಿಂದ ಸರಸರನೆ ಸರಿಸುವವರು ವಾಕ್ಯವನ್ನು ಪೂರ್ತಿ ಓದುವುದಿಲ್ಲ, ದೊಡ್ಡ ಅಂಕಿಯನ್ನಷ್ಟೇ ಹಿಂದಿನದರೊಂದಿಗೆ ಹೋಲಿಸುತ್ತಾರೆ.

ಈಗ ಜೋಡಣೆ. ಮೊದಲ ಸ್ಲೈಡಿಗೆ 32, ಅಂದರೆ ರಾಜ್ಯದ ಹೆಣ್ಣುಮಕ್ಕಳು. ಎರಡನೆಯದಕ್ಕೆ 18, ರಾಜ್ಯದ ಗಂಡಸರು. ಮೂರನೆಯದಕ್ಕೆ ದಕ್ಷಿಣ ಕನ್ನಡದ ಹೆಣ್ಣುಮಕ್ಕಳ 16. ಕರಾವಳಿಯ ಹೆಣ್ಣುಮಕ್ಕಳ ಅಂಕಿ ರಾಜ್ಯದ ಗಂಡಸರದಕ್ಕಿಂತಲೂ ಕಡಿಮೆ ಎಂಬುದು ಇಲ್ಲಿ ಯಾರೂ ಹೇಳದೆಯೇ ಗೊತ್ತಾಗುತ್ತದೆ. ಅದರ ಬೆನ್ನಿಗೇ ಬರುವ 59ರ ಭಾರ ಹೆಚ್ಚುವುದು ಈ ಕ್ರಮದಿಂದಲೇ. 59ನ್ನು ಮೊದಲಿಗೇ ಇಟ್ಟರೆ ಗಮನ ಸೆಳೆಯುತ್ತದೆ ನಿಜ, ಆದರೆ ಅದನ್ನು ಅಳೆಯಲು ಓದುಗನ ಬಳಿ ಇನ್ನೂ ಏನೂ ಇರುವುದಿಲ್ಲ. ಐದನೆಯ ಸ್ಲೈಡಿನಲ್ಲಿ ಮೂಲ ಮತ್ತು ವ್ಯಾಖ್ಯೆ ಇರುತ್ತವೆ, ದೊಡ್ಡ ಸಂಖ್ಯೆ ಇರುವುದಿಲ್ಲ.

2001ರಲ್ಲಿ ರಾಜ್ಯದ ಮಹಿಳಾ ಸಾಕ್ಷರತೆ ಶೇ 56.87 ಇತ್ತು. ಅದನ್ನೂ ಸೇರಿಸಬಾರದೇ ಎಂದು ಕೇಳುವವರಿದ್ದಾರೆ. ಅದು ಕಾಲದೊಂದಿಗೆ ಆದ ಬದಲಾವಣೆಯ ಮಾತು, ಅದಕ್ಕೆ ಬೇರೆಯೇ ಕ್ಯಾರೊಸೆಲ್ ಬೇಕು. ಯಾದಗಿರಿಯ ಮಟ್ಟಿಗೆ ಇನ್ನೊಂದು ತೊಡಕೂ ಇದೆ: ಗುಲ್ಬರ್ಗದಿಂದ ಬೇರ್ಪಟ್ಟು ಅದು ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. 2001ರ ಗುಲ್ಬರ್ಗ ಜಿಲ್ಲೆಯ ಅಂಕಿಯನ್ನು 2011ರ ಯಾದಗಿರಿಯ ಪಕ್ಕ ಇಟ್ಟರೆ ಎರಡು ಬೇರೆ ಪ್ರದೇಶಗಳನ್ನು ಹೋಲಿಸಿದಂತಾಗುತ್ತದೆ. ಏರಿಕೆಯ ಕ್ಯಾರೊಸೆಲ್ ಮಾಡುವವರು ಗಮನಿಸಬೇಕಾದ ಮತ್ತೊಂದು ಸಂಗತಿ: 56.87ರಿಂದ 68.08ಕ್ಕೆ ಏರಿದ್ದನ್ನು 11 ಶೇಕಡಾವಾರು ಅಂಶ ಎಂದೂ ಹೇಳಬಹುದು, ಮೊದಲಿದ್ದುದಕ್ಕಿಂತ ಶೇ 20ರಷ್ಟು ಹೆಚ್ಚು ಎಂದೂ ಹೇಳಬಹುದು. ಎರಡೂ ಸರಿ. ಆದರೆ ‘ಶೇ 20 ಏರಿಕೆ’ ಎಂದು ದೊಡ್ಡದಾಗಿ ಬರೆದರೆ ಬಹುತೇಕರು 57 ಇದ್ದದ್ದು 77 ಆಯಿತು ಎಂದೇ ತಿಳಿಯುತ್ತಾರೆ. ನಾನು ಯಾವಾಗಲೂ 11ನ್ನೇ ಆರಿಸುತ್ತೇನೆ.

ದಶಾಂಶಗಳನ್ನು ದೊಡ್ಡ ಅಂಕಿಯಲ್ಲಿ ಇಡುವುದಿಲ್ಲ. 31.92 ಎಂದು ಬರೆದರೆ ಕಣ್ಣು ಚುಕ್ಕಿಯ ಬಳಿ ತಡೆಯುತ್ತದೆ. ಆದರೆ ಪೂರ್ಣಾಂಕ ಮಾಡುವಾಗ ಒಂದು ತೊಡಕು ಕಾದಿರುತ್ತದೆ. ರಾಜ್ಯದ ಒಟ್ಟು ಸಾಕ್ಷರತೆ 2001ರಲ್ಲಿ 66.64, 2011ರಲ್ಲಿ 75.36. ವ್ಯತ್ಯಾಸ 8.72, ಅಂದರೆ 9. ಆದರೆ ಮೊದಲೇ ಪೂರ್ಣಾಂಕ ಮಾಡಿ 75ರಿಂದ 67 ಕಳೆದರೆ 8 ಬರುತ್ತದೆ. ಒಂದು ಸ್ಲೈಡಿನಲ್ಲಿ 67, ಇನ್ನೊಂದರಲ್ಲಿ 75, ಮೂರನೆಯದರಲ್ಲಿ 9 ಇದ್ದರೆ ಯಾರಾದರೂ ಲೆಕ್ಕ ಮಾಡಿ ಕೇಳಿಯೇ ಕೇಳುತ್ತಾರೆ. ವ್ಯತ್ಯಾಸವನ್ನು ಮೂಲ ಅಂಕಿಗಳಿಂದಲೇ ತೆಗೆಯಬೇಕು. ಹಾಗೆ ತೆಗೆದದ್ದು ಪೂರ್ಣಾಂಕಗಳ ಲೆಕ್ಕಕ್ಕೆ ತಾಳೆಯಾಗದಿದ್ದರೆ ವ್ಯತ್ಯಾಸದ ಸ್ಲೈಡನ್ನೋ ಉಳಿದೆರಡನ್ನೋ ಕೈಬಿಡುತ್ತೇನೆ.

ಇನ್ನು ಸಂಖ್ಯೆಯ ಕೆಳಗಿನ ವಾಕ್ಯ. ಹೆಚ್ಚಿನ ತಪ್ಪುಗಳು ನುಸುಳುವುದು ಇಲ್ಲಿಯೇ. ಜನಗಣತಿ ಸಾಕ್ಷರತೆಯನ್ನು ಲೆಕ್ಕ ಹಾಕುವುದು 7 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ಮಾತ್ರ. ಯಾವುದೇ ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಲು, ಬರೆಯಲು ಬಂದರೆ ಸಾಕ್ಷರರು. ಹಾಗಾಗಿ ‘ಶಾಲೆಗೆ ಹೋಗದವರು 32’ ಎಂದರೆ ತಪ್ಪು. ‘ಮಹಿಳೆಯರು’ ಎಂದರೆ ಏಳು ವರ್ಷದ ಹುಡುಗಿ ಹೊರಗುಳಿಯುತ್ತಾಳೆ, ಅದಕ್ಕೇ ‘ಹೆಣ್ಣುಮಕ್ಕಳು’ ಎನ್ನುತ್ತೇನೆ. ರಾಜ್ಯದ ಹೆಣ್ಣುಮಕ್ಕಳು 3.01 ಕೋಟಿ, ಅದರಲ್ಲಿ ಶೇ 32 ಎಂದರೆ 96 ಲಕ್ಷ ಎಂದು ದೊಡ್ಡ ಅಂಕಿ ಮಾಡುವ ಆಸೆಯೂ ಹುಟ್ಟುತ್ತದೆ. ಆ ಮೂರು ಕೋಟಿಯಲ್ಲಿ ತೊಟ್ಟಿಲ ಕೂಸುಗಳೂ ಸೇರಿರುವುದರಿಂದ ಆ ಗುಣಾಕಾರ ಸಲ್ಲದು. ಅಂಕಿ ಹಳೆಯದಾದ್ದರಿಂದ ಕ್ರಿಯಾಪದವೂ ಭೂತಕಾಲದಲ್ಲಿರಬೇಕು. ಕೊನೆಗೆ ವಾಕ್ಯ ಹೀಗಾಗುತ್ತದೆ: ‘2011ರಲ್ಲಿ ಯಾದಗಿರಿಯ ಪ್ರತಿ 100 ಹೆಣ್ಣುಮಕ್ಕಳಲ್ಲಿ ಇಷ್ಟು ಮಂದಿಗೆ ಓದುಬರಹ ಬರುತ್ತಿರಲಿಲ್ಲ’. ಅಡಿಟಿಪ್ಪಣಿಯಲ್ಲಿ ‘7 ವರ್ಷ ಮತ್ತು ಮೇಲ್ಪಟ್ಟವರು, ಜನಗಣತಿ 2011, ಅಂತಿಮ ಅಂಕಿ’. ಇದು ಪ್ರತಿ ಸ್ಲೈಡಿನಲ್ಲೂ ಇರಬೇಕು, ಏಕೆಂದರೆ ವಾಟ್ಸಾಪಿನಲ್ಲಿ ಓಡಾಡುವುದು ಒಂಟಿ ಸ್ಕ್ರೀನ್‌ಶಾಟ್. ‘ಅಂತಿಮ’ ಎಂಬುದನ್ನೂ ಬಿಡುವಂತಿಲ್ಲ. ತಾತ್ಕಾಲಿಕ ವರದಿಯಲ್ಲಿ ರಾಜ್ಯದ ಸಾಕ್ಷರತೆ 75.60 ಇತ್ತು, ಅಂತಿಮದಲ್ಲಿ 75.36 ಆಯಿತು. ಎರಡೂ ಇಂದಿಗೂ ಅಂತರ್ಜಾಲದಲ್ಲಿ ಸಿಗುತ್ತವೆ. ಪೂರ್ಣಾಂಕ ಮಾಡಿದರೆ ಒಂದು 76, ಇನ್ನೊಂದು 75.

ವಿನ್ಯಾಸಕ್ಕೆ 1080 × 1350 ಪಿಕ್ಸೆಲ್‌ನ ಹಾಳೆ ತೆಗೆದುಕೊಳ್ಳುತ್ತೇನೆ. ಸುತ್ತ 90 ಪಿಕ್ಸೆಲ್ ಅಂಚು, ಅಕ್ಷರದ ಗಾತ್ರ ಸಂಖ್ಯೆಗೆ 360, ವಾಕ್ಯಕ್ಕೆ 64, ಅಡಿಟಿಪ್ಪಣಿಗೆ 32. ಸಾಮಾನ್ಯ ಮೊಬೈಲಿನಲ್ಲಿ 32 ಪಿಕ್ಸೆಲ್ ಎಂದರೆ ಸುಮಾರು ಎರಡು ಮಿಲಿಮೀಟರ್, ಅದಕ್ಕಿಂತ ಇಳಿಸಿದರೆ ಓದಲಾಗದು. ಸಂಖ್ಯೆ ಎಲ್ಲ ಸ್ಲೈಡುಗಳಲ್ಲೂ ಅದೇ ಜಾಗದಲ್ಲಿ, ಎಡ ಅಂಚಿಗೆ ತಾಗಿ ಇರಬೇಕು. ಸರಿಸಿದಾಗ ಅಂಕಿ ಮಾತ್ರ ಬದಲಾಗಿ ಉಳಿದದ್ದು ನಿಂತಲ್ಲೇ ನಿಂತರೆ ಹೋಲಿಕೆ ತಾನಾಗಿ ನಡೆಯುತ್ತದೆ. ವಾಕ್ಯದ ಕೆಳಗೆ ಹತ್ತು ಸಾಲು, ಸಾಲಿಗೆ ಹತ್ತರಂತೆ ನೂರು ಚುಕ್ಕಿ ಇಡುತ್ತೇನೆ. ಒಂದೊಂದೂ 32 ಪಿಕ್ಸೆಲ್ ಅಗಲ, ನಡುವೆ 12 ಪಿಕ್ಸೆಲ್ ಬಿಡುವು. ಬಣ್ಣ ತುಂಬುವುದು ಸದಾ ಮೇಲಿನ ಎಡ ಮೂಲೆಯಿಂದಲೇ. ಇದು ಅದೇ ಸಂಖ್ಯೆಯ ಚಿತ್ರ, ಎರಡನೆಯ ಸಂಖ್ಯೆಯಲ್ಲ. ಬಾರ್ ಚಾರ್ಟ್ ಹಾಕಿ ಅದಕ್ಕೊಂದು ಅಕ್ಷ, ಅಕ್ಷಕ್ಕೆ ಅಂಕಿಗಳು ಎಂದು ಶುರುವಾದರೆ ಒಂದೇ ಸಂಖ್ಯೆ ಎಂಬ ಶಿಸ್ತು ಅಲ್ಲಿಗೇ ಮುರಿಯುತ್ತದೆ.

ಕನ್ನಡಕ್ಕೆ ಸಾಲುಗಳ ಅಂತರ 1.5 ಬೇಕೇ ಬೇಕು. ಅದಕ್ಕಿಂತ ಕಡಿಮೆಯಾದರೆ ಒತ್ತಕ್ಷರದ ಬಾಲ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದದ್ದನ್ನು ನೇರವಾಗಿ ಅಂಟಿಸಿದರೆ ಅಕ್ಷರಗಳು ಕಲಸುಮೇಲೋಗರವಾಗುತ್ತವೆ, ಮೊದಲು ಪರಿವರ್ತಿಸಿಕೊಳ್ಳಿ. ಹಳೆಯ ಫೋಟೋಶಾಪಿನಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ಪ್ಯಾರಾಗ್ರಾಫ್ ಆಯ್ಕೆಯಲ್ಲಿ `World-Ready Layout` ಆರಿಸಬೇಕು.

ಪ್ರಕಟಿಸುವ ಮುನ್ನ ವಿಷಯ ಗೊತ್ತಿಲ್ಲದ ಒಬ್ಬರಿಗೆ ನಾಲ್ಕನೆಯ ಸ್ಲೈಡನ್ನು ಮಾತ್ರ ಮೊಬೈಲಿನಲ್ಲಿ ಮೂರು ಸೆಕೆಂಡು ತೋರಿಸಿ, ಏನು ತಿಳಿಯಿತು ಎಂದು ಕೇಳುತ್ತೇನೆ. ‘ಯಾದಗಿರಿಯಲ್ಲಿ 59 ಮಂದಿ ಓದಿದವರು’ ಎಂಬ ಉತ್ತರ ಬಂದರೆ ‘ಬರುತ್ತಿರಲಿಲ್ಲ’ ಎಂಬುದು ಕಣ್ಣಿಗೆ ಬಿದ್ದಿಲ್ಲ ಎಂದರ್ಥ. ನಿಷೇಧದ ಪದ ವಾಕ್ಯದ ಕೊನೆಗೆ ಬರುವ ನಮ್ಮ ಭಾಷೆಯಲ್ಲಿ ಈ ಅಪಾಯ ಹೆಚ್ಚು. ಆಗ ಸಂಖ್ಯೆಯ ಮೇಲೆಯೇ, 48 ಪಿಕ್ಸೆಲ್‌ನಲ್ಲಿ, ‘ಓದುಬರಹ ಬಾರದವರು’ ಎಂಬ ತಲೆಪಟ್ಟಿ ಕಟ್ಟಿ, ಇನ್ನೊಬ್ಬರಿಗೆ ತೋರಿಸುತ್ತೇನೆ.