ಲೀಟರ್‌ನಲ್ಲಿ ಕೊಂಡ ಹಾಲನ್ನು ಕೆಜಿಗೆ ತರುವುದು: ನನ್ನ ಅನುಭವ

ತಿಪಟೂರು ಕಡೆ ನನ್ನದೊಂದು ಚಿಕ್ಕ ಪನೀರ್ ಮತ್ತು ತುಪ್ಪದ ಘಟಕ ಇದೆ. ಸುತ್ತಲಿನ ಹಳ್ಳಿಗಳಿಂದ ಹಾಲು ಕೊಳ್ಳುತ್ತೇನೆ. ಕೊಡುವವರು ಲೀಟರ್‌ನಲ್ಲಿ ಅಳೆದು ಕೊಡುತ್ತಾರೆ, ನನ್ನ ಲೆಕ್ಕವೆಲ್ಲ ಕೆಜಿಯಲ್ಲಿ ನಡೆಯುತ್ತದೆ. ಹಾಲಿನ ಧಂದೆಯಲ್ಲಿ ಇರುವವರೆಲ್ಲ ಇದಕ್ಕೆ 1.03 ಎಂಬ ಸಂಖ್ಯೆ ಇಟ್ಟುಕೊಂಡಿರುತ್ತಾರೆ. ಲೀಟರ್ ಅನ್ನು 1.03ರಿಂದ ಗುಣಿಸಿದರೆ ಕೆಜಿ ಬಂತು, ಮುಗೀತು. ದಿನಕ್ಕೆ ಹತ್ತು ಲೀಟರ್ ಕೊಳ್ಳುವವರಿಗೆ ಅದು ಸಾಕು. ದಿನಕ್ಕೆ ನೂರಾರು ಲೀಟರ್ ಕೊಳ್ಳುವವರಿಗೆ ಸಾಲದು. ನಾನು ಹೇಗೆ ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಕೆಜಿ ಯಾಕೆ ಬೇಕು? ಗರ್ಬರ್ ಪರೀಕ್ಷೆಯಲ್ಲಿ ಸಿಗುವ ಫ್ಯಾಟ್ ಶೇಕಡಾವಾರು ತೂಕದ ಲೆಕ್ಕ. ಫ್ಯಾಟ್ 4.0 ಅಂದರೆ 100 ಕೆಜಿ ಹಾಲಿನಲ್ಲಿ 4 ಕೆಜಿ ಕೊಬ್ಬು ಅಂತ ಅರ್ಥ, 100 ಲೀಟರ್‌ನಲ್ಲಿ ಅಲ್ಲ. ಪರೀಕ್ಷೆಗೆ ಪಿಪೆಟ್‌ನಲ್ಲಿ 10.75 ಮಿಲಿ ಹಾಲು ತೆಗೆಯುತ್ತೇವಲ್ಲ, ಅಷ್ಟು ಹಾಲು ಸುಮಾರು 11 ಗ್ರಾಂ ತೂಗುತ್ತದೆ. ಫ್ಯಾಟ್ ಓದುವ ಬ್ಯುಟಿರೋಮೀಟರ್ ಕೊಳವೆಯ ಮೇಲಿನ ಗೆರೆಗಳನ್ನು ಆ ತೂಕಕ್ಕೆ ಹೊಂದಿಸಿಯೇ ಹಾಕಿರುತ್ತಾರೆ. ಹಾಗಾಗಿ ಫ್ಯಾಟ್ ಅನ್ನು ನೇರವಾಗಿ ಲೀಟರ್‌ಗೆ ಗುಣಿಸಿದರೆ ಲೆಕ್ಕ ಶೇಕಡಾ ಮೂರರ ಹತ್ತಿರ ಕಡಿಮೆ ಬರುತ್ತದೆ. ಇಷ್ಟು ಹಾಲಿಗೆ ಎಷ್ಟು ತುಪ್ಪ ಬರಬೇಕು ಅಂತ ನೋಡುವವರಿಗೆ ಆ ಮೂರು ಚಿಕ್ಕದಲ್ಲ.

ಈಗ ಸಾಂದ್ರತೆಯ ಮಾತಿಗೆ ಬರೋಣ. ಒಂದು ಲೀಟರ್ ಹಾಲು ಎಷ್ಟು ಕೆಜಿ ತೂಗುತ್ತದೆ ಅನ್ನುವುದೇ ಸಾಂದ್ರತೆ. ಇದು ಹಸು, ಎಮ್ಮೆ, ಮೇವು, ಫ್ಯಾಟ್, ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ, ಇವೆಲ್ಲದರ ಜೊತೆ ಬದಲಾಗುತ್ತದೆ. ಎಮ್ಮೆ ಹಾಲು ಸಾಮಾನ್ಯವಾಗಿ ಹಸುವಿನ ಹಾಲಿಗಿಂತ ತುಸು ಹೆಚ್ಚು ತೂಗುತ್ತದೆ. ಆದರೆ ನಮ್ಮ ಲೆಕ್ಕವನ್ನು ಇವೆಲ್ಲಕ್ಕಿಂತ ಜಾಸ್ತಿ ಅಲುಗಾಡಿಸುವುದು ಬಿಸಿ. ಹಾಲು ಬೆಚ್ಚಗಿದ್ದಾಗ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಅಷ್ಟೇ ಹಾಲು, ಅಷ್ಟೇ ತೂಕ, ಲೀಟರ್ ಮಾತ್ರ ಬೇರೆ. ಆದ್ದರಿಂದ ಯಾವ ಬಿಸಿಯಲ್ಲಿ ಲೀಟರ್ ಅಳೆದೆವೋ ಅದೇ ಬಿಸಿಯ ಸಾಂದ್ರತೆಯಿಂದಲೇ ಗುಣಿಸಬೇಕು. ನಾನು ಪಟ್ಟು ಹಿಡಿಯುವುದು ಈ ಒಂದೇ ವಿಷಯಕ್ಕೆ.

ಇದಕ್ಕೆ ಬೇರೆ ಯಂತ್ರ ಬೇಡ, ಲ್ಯಾಕ್ಟೋಮೀಟರ್ ಸಾಕು. ಹಾಲಿನ ಕೇಂದ್ರಗಳಲ್ಲಿ ಲ್ಯಾಕ್ಟೋಮೀಟರ್ ಓದಿದ ತಕ್ಷಣ ಬಿಸಿಗೆ ತಕ್ಕಂತೆ ತಿದ್ದಿ ಸಿಎಲ್‌ಆರ್ ಮಾಡಿಕೊಳ್ಳುವುದು ಎಲ್ಲರಿಗೂ ಅಭ್ಯಾಸ. ಎಸ್‌ಎನ್‌ಎಫ್ ಕಂಡುಹಿಡಿಯಲು ಅದು ಬೇಕೇ ಬೇಕು, ಯಾಕಂದರೆ ಆ ಸೂತ್ರ 27 ಡಿಗ್ರಿಗೆ ಮಾಡಿದ್ದು. ಆದರೆ ಲೀಟರ್ ಅನ್ನು ಕೆಜಿ ಮಾಡುವಾಗ ತಿದ್ದಿದ ಸಂಖ್ಯೆ ಬಳಸಬಾರದು. ಕ್ಯಾನ್‌ನಲ್ಲಿರುವ ಹಾಲು 33 ಡಿಗ್ರಿ ಇದ್ದರೆ ನನಗೆ ಬೇಕಾಗಿರುವುದು 33 ಡಿಗ್ರಿಯಲ್ಲಿ ಆ ಹಾಲಿನ ಸಾಂದ್ರತೆ. ಆ ಹಾಲಿನಲ್ಲೇ ಲ್ಯಾಕ್ಟೋಮೀಟರ್ ಬಿಟ್ಟರೆ ಅದು ತೋರಿಸುವುದೂ ಅದನ್ನೇ. ಗಾಜು ಹಿಗ್ಗುವುದು ತೀರಾ ಕಡಿಮೆ, ಅದನ್ನು ಲೆಕ್ಕಕ್ಕೆ ತಗೋಬೇಕಿಲ್ಲ. ಹಾಗಾಗಿ ನಾನು ಎರಡು ಓದು ತೆಗೆಯುತ್ತೇನೆ. ಅಳೆಯುವ ಹೊತ್ತಿನ ಹಸಿ ಓದು ತೂಕಕ್ಕೆ. 27 ಡಿಗ್ರಿಯ ಓದು ಗುಣಮಟ್ಟಕ್ಕೆ. ಎರಡನೆಯದಕ್ಕೆ ಸ್ಯಾಂಪಲ್ ಪಾತ್ರೆಯನ್ನು ನೀರಿನ ಟಬ್ಬಿನಲ್ಲಿಟ್ಟು 27ಕ್ಕೆ ಇಳಿಸುತ್ತೇನೆ. ತಿದ್ದುಪಡಿ ಪಟ್ಟಿ ನೋಡುವುದಕ್ಕಿಂತ ಇದು ನನಗೆ ನಂಬಿಕೆ.

ಒಂದು ಎಚ್ಚರಿಕೆ. ಲ್ಯಾಕ್ಟೋಮೀಟರ್ ಮೇಲೆ ಏನು ಬರೆದಿದೆ ಅಂತ ಓದಿಕೊಳ್ಳಿ. ನಾನು ಹೇಳುತ್ತಿರುವುದು 27°C, g/ml ಅಂತ ಗುರುತಿರುವ ಲ್ಯಾಕ್ಟೋಮೀಟರ್ ಬಗ್ಗೆ. ಫ್ಯಾರನ್‌ಹೀಟ್ ಗುರುತಿನ ಹಳೆಯವು ಹಾಲನ್ನು ನೀರಿಗೆ ಹೋಲಿಸಿ ತೋರಿಸುತ್ತವೆ. ಅವುಗಳ ಓದನ್ನು ನೇರವಾಗಿ ಕೆಜಿ ಲೆಕ್ಕಕ್ಕೆ ಹಾಕಿದರೆ ಉತ್ತರ ಸ್ವಲ್ಪ ಜಾರುತ್ತದೆ.

ಓದುವ ಕ್ರಮವೂ ಮುಖ್ಯ. ಆಗಷ್ಟೇ ಕರೆದ ಹಾಲಿನಲ್ಲಿ ಗಾಳಿ ತುಂಬಿರುತ್ತದೆ, ಕೊಬ್ಬೂ ಪೂರ್ತಿ ಕರಗಿದ ಸ್ಥಿತಿಯಲ್ಲಿರುತ್ತದೆ. ಆಗ ಲ್ಯಾಕ್ಟೋಮೀಟರ್ ಕಡಿಮೆ ತೋರಿಸುತ್ತದೆ. ಒಂದರ್ಧ ಗಂಟೆ ಬಿಟ್ಟು, ಸೌಟಿನಿಂದ ಮೇಲೆ ಕೆಳಗೆ ನಿಧಾನವಾಗಿ ಕಲಕಿ, ನೊರೆ ಏಳದ ಹಾಗೆ ಜಾರ್‌ನ ಗೋಡೆಗುಂಟ ಹಾಲು ಸುರಿಯುತ್ತೇನೆ. ಜಾರ್ ತುಂಬಿ ಸ್ವಲ್ಪ ಚೆಲ್ಲಬೇಕು, ಆಗ ಉಳಿದ ನೊರೆಯೂ ಹೋಗುತ್ತದೆ. ಲ್ಯಾಕ್ಟೋಮೀಟರ್ ಗೋಡೆಗೆ ತಾಗದೆ ನಿಂತ ಮೇಲೆ, ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು ಓದುತ್ತೇನೆ. ಹಾಲು ಪಾರದರ್ಶಕ ಅಲ್ವಲ್ಲ, ಅದಕ್ಕೆ ಕಡ್ಡಿಗೆ ಅಂಟಿಕೊಂಡು ಏರಿರುವ ಹಾಲಿನ ಮೇಲಂಚನ್ನೇ ನೋಡಬೇಕು. ಗೆರೆಗಳನ್ನೂ ಹಾಗೆ ಓದಲೆಂದೇ ಹಾಕಿರುತ್ತಾರೆ. ಲೀಟರ್ ಅಳೆಯುವಾಗಲೂ ನೊರೆಯದೇ ಕಾಟ. ಕ್ಯಾನ್ ಬಾಯಲ್ಲಿ ಎರಡು ಬೆರಳು ನೊರೆ ಇದ್ದರೆ ಅಳತೆ ಕೋಲು ಅದನ್ನೂ ಹಾಲು ಅಂತಲೇ ತೋರಿಸುತ್ತದೆ.

ಒಂದು ಬೆಳಗಿನ ಖರೀದಿಯ ಲೆಕ್ಕ ಹಾಕಿ ತೋರಿಸುತ್ತೇನೆ. ಹಸುವಿನ ಹಾಲು, ಅಳತೆಯಲ್ಲಿ 412 ಲೀಟರ್, ಹಾಲಿನ ಬಿಸಿ 33 ಡಿಗ್ರಿ. ಅದೇ ಹಾಲಿನಲ್ಲಿ ಲ್ಯಾಕ್ಟೋಮೀಟರ್ 26.5 ತೋರಿಸಿತು. ಅಂದರೆ ಸಾಂದ್ರತೆ 1.0265. ಫ್ಯಾಟ್ 4.0.

```
ಸಾಂದ್ರತೆ = 1 + (ಲ್ಯಾಕ್ಟೋಮೀಟರ್ ಓದು ÷ 1000)
ಕೆಜಿ    = ಲೀಟರ್ × ಸಾಂದ್ರತೆ
412 × 1.0265 = 422.9 ಕೆಜಿ
422.9 × 4.0 ÷ 100 = 16.92 ಕೆಜಿ ಫ್ಯಾಟ್
```

ಕಣ್ಣು ಮುಚ್ಚಿ 1.03 ಹಾಕಿದ್ದರೆ 424.4 ಕೆಜಿ ಆಗುತ್ತಿತ್ತು. ಒಂದೂವರೆ ಕೆಜಿ ಇಲ್ಲದ ಹಾಲಿಗೆ ದುಡ್ಡು. ಇನ್ನು 412 ಲೀಟರ್ ಅನ್ನೇ ಫ್ಯಾಟ್‌ಗೆ ಗುಣಿಸಿದ್ದರೆ 16.48 ಕೆಜಿ ಬರುತ್ತಿತ್ತು. 440 ಗ್ರಾಂ ಕೊಬ್ಬು ಪುಸ್ತಕದಿಂದಲೇ ಮಾಯ. ಆಮೇಲೆ ತುಪ್ಪ ಜಾಸ್ತಿ ಬಂತಲ್ಲ ಅಂತ ಖುಷಿಪಟ್ಟರೆ ಅರ್ಥವಿಲ್ಲ. ನಿಜವಾಗಿ ಎಲ್ಲಾದರೂ ಪೋಲಾಗುತ್ತಿದ್ದರೂ ಆ ಲೆಕ್ಕದಲ್ಲಿ ಗೊತ್ತಾಗುವುದಿಲ್ಲ.

ಅದೇ ಸ್ಯಾಂಪಲ್ 27 ಡಿಗ್ರಿಗೆ ಬಂದಾಗ ಓದು 28.5. ಅದನ್ನು ನಾಲ್ಕರಿಂದ ಭಾಗಿಸಿ, ಫ್ಯಾಟ್‌ನ ಕಾಲು ಭಾಗ ಸೇರಿಸಿ, 0.44 ಕೂಡಿಸಿದರೆ ಎಸ್‌ಎನ್‌ಎಫ್ 8.56 ಆಯಿತು. ಈ ಕೊನೆಯ ಸಂಖ್ಯೆಗಳು ಒಂದೊಂದು ಡೇರಿಯಲ್ಲಿ ಒಂದೊಂದು ಥರ ಇರುತ್ತವೆ. ಕೊಳ್ಳುವವರು, ಮಾರುವವರು ಇಬ್ಬರೂ ಒಂದೇ ಸೂತ್ರ ಇಟ್ಟುಕೊಂಡರೆ ಸಾಕು.

ಹಾಲು ಕೂಲರ್‌ನಲ್ಲಿ 4 ಡಿಗ್ರಿಗೆ ಇಳಿದ ಮೇಲೆ ನಿಜವಾದ ಗಲಾಟೆ ಶುರುವಾಗುತ್ತದೆ. ಸಂಜೆ ಅಳತೆ ಕೋಲು ಇಳಿಸಿದರೆ 412 ಇಲ್ಲ, 409! ಕೂಲರ್ ನೋಡಿಕೊಳ್ಳುವ ಹುಡುಗನಿಗೆ ಗಾಬರಿ. "ಸಾರ್, ಮೂರು ಲೀಟರ್ ಎಲ್ಲಿ ಹೋಯ್ತು? ನಾನಂತೂ ಮುಟ್ಟಿಲ್ಲ" ಅಂದ. "ಎಲ್ಲೂ ಹೋಗಿಲ್ಲ ಕಣಪ್ಪ, ಲ್ಯಾಕ್ಟೋಮೀಟರ್ ತಾ" ಅಂದೆ. ತಣ್ಣನೆಯ ಹಾಲಿನಲ್ಲಿ ಅದು 34ರಲ್ಲಿ ನಿಂತಿತು. 409ನ್ನು 1.034ರಿಂದ ಗುಣಿಸಿದರೆ 422.9. ಬೆಳಗಿನ ಕೆಜಿಯೇ. ಅದಾದ ಮೇಲೆ ಅವನೇ ಎರಡೂ ಹೊತ್ತಿನ ಲೆಕ್ಕ ಬರೆದಿಡುತ್ತಾನೆ. ಇದೇ 409 ಲೀಟರ್ ಅನ್ನು 1.03ರಿಂದ ಗುಣಿಸಿದರೆ 421.3 ಬರುತ್ತದೆ. ಬೆಳಿಗ್ಗೆ ಜಾಸ್ತಿ ತೋರಿಸಿದ ಸಂಖ್ಯೆಯೇ ಸಂಜೆ ಕಡಿಮೆ ತೋರಿಸುತ್ತದೆ. ಒಟ್ಟು ಮೂರು ಕೆಜಿ ವ್ಯತ್ಯಾಸ. ಇಂಥದ್ದಕ್ಕೇ ಎಷ್ಟೋ ಕಡೆ ಪಾಪದವರ ಮೇಲೆ ಕಳ್ಳತನದ ಅನುಮಾನ ಬರುತ್ತದೆ. ನನಗೆ ತೀರಾ ಬೇಜಾರಾಗುವುದು ಅದಕ್ಕೇ.

ಅಳತೆಯೇ ಸರಿಯಿಲ್ಲದಿದ್ದರೆ ಸಾಂದ್ರತೆ ಎಷ್ಟು ನಿಖರವಾಗಿದ್ದರೂ ಪ್ರಯೋಜನವಿಲ್ಲ. ಅದಕ್ಕೆ ಪ್ರತಿ ಹೊಸ ಕ್ಯಾನನ್ನೂ ನೀರಿನಿಂದ ಪರೀಕ್ಷಿಸುತ್ತೇನೆ. ಖಾಲಿ ಕ್ಯಾನ್ ತೂಕ ಬರೆದುಕೊಂಡು, 40 ಲೀಟರ್ ಗೆರೆಯವರೆಗೆ ನೀರು ತುಂಬಿ ಮತ್ತೆ ತೂಗುತ್ತೇನೆ. 30 ಡಿಗ್ರಿಯ ನೀರಾದರೆ 39.8 ಕೆಜಿ ಬರಬೇಕು. ಅದಕ್ಕಿಂತ ತುಂಬಾ ಆಚೀಚೆ ಬಂದರೆ ಗೆರೆ ತಪ್ಪು, ಅಥವಾ ಕ್ಯಾನ್‌ಗೆ ಎಲ್ಲೋ ಪೆಟ್ಟು ಬಿದ್ದು ತಗ್ಗಾಗಿದೆ. ತಗ್ಗಾದ ಕ್ಯಾನ್‌ನಲ್ಲಿ ಕೋಲಿನ ಅಳತೆ ಯಾವಾಗಲೂ ಜಾಸ್ತಿಯೇ ತೋರಿಸುತ್ತದೆ, ನಷ್ಟ ಕೊಳ್ಳುವವರಿಗೆ. ಜೊತೆಗೆ ಆಗಾಗ ಒಂದು ಕ್ಯಾನ್ ಹಾಲನ್ನು ತಕ್ಕಡಿಗೇ ಇಟ್ಟು, ಲೆಕ್ಕದಲ್ಲಿ ಬಂದ ಕೆಜಿ ಜೊತೆ ತಾಳೆ ನೋಡುತ್ತೇನೆ. ತಕ್ಕಡಿ ಇದ್ದಲ್ಲಿ ತೂಗಿಯೇ ಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಆದರೆ ಎಲ್ಲ ಹಳ್ಳಿಯಲ್ಲೂ ಅದು ಆಗುವ ಮಾತಲ್ಲ.

ಸಾಂದ್ರತೆ ಗೊತ್ತಾದರೆ ಹಾಲು ಶುದ್ಧವೋ ಅಲ್ಲವೋ ತಿಳಿಯುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ನೀರು ಹಾಕಿದರೆ ಓದು ಇಳಿಯುತ್ತದೆ, ನಿಜ. ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಹದವಾಗಿ ಮಾಡಿದವರ ಹಾಲು ಲ್ಯಾಕ್ಟೋಮೀಟರ್‌ನಲ್ಲಿ ಸರಿಯಾಗಿಯೇ ಕಾಣುತ್ತದೆ. ಫ್ಯಾಟ್ ನೋಡಿದಾಗಲೇ ಬಣ್ಣ ಬಯಲಾಗುವುದು. ಇನ್ನು ಹುಳಿಯಾಗಿ ಒಡೆಯುತ್ತಿರುವ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಬಿಡುವುದೇ ದಂಡ, ಆ ಓದಿಗೆ ಬೆಲೆಯಿಲ್ಲ.

ಕೊನೆಯದು ದರದ ವಿಷಯ. ಮಾತು ಲೀಟರ್‌ಗೆ 36 ರೂಪಾಯಿ ಅಂತ ಆಗಿದ್ದರೆ ಮೇಲಿನ ಹಾಲಿಗೆ 14,832 ರೂಪಾಯಿ. ಬಿಲ್ಲಿನಲ್ಲಿ 422.9 ಕೆಜಿ ಅಂತ ಬರೆದು ಅದೇ 36ರಿಂದ ಗುಣಿಸಿದರೆ 15,224 ಆಗುತ್ತದೆ. 392 ರೂಪಾಯಿ ಜಾಸ್ತಿ, ಅದೂ ಒಂದೇ ಹೊತ್ತಿಗೆ. ಕೆಜಿ ಲೆಕ್ಕಕ್ಕೆ ಹೋದರೆ ದರವನ್ನೂ ಸಾಂದ್ರತೆಯಿಂದ ಭಾಗಿಸಬೇಕು. 36 ಭಾಗಿಸು 1.0265 ಅಂದರೆ ಕೆಜಿಗೆ 35 ರೂಪಾಯಿ 7 ಪೈಸೆ. ಒಂದು ಕೇಂದ್ರದ ಜೊತೆ ಈ ಬಗ್ಗೆ ಮಾತು ಬೆಳೆದ ಮೇಲೆ ನಾನು ಕರಾರಿನಲ್ಲೇ ಬರೆಸುತ್ತೇನೆ: ಅಳತೆ ಎಲ್ಲಿ, ಯಾವ ಬಿಸಿಯಲ್ಲಿ, ದರ ಲೀಟರ್‌ಗೋ ಕೆಜಿಗೋ. ಪ್ರತಿ ಬಿಲ್ಲಿನಲ್ಲೂ ಲೀಟರ್ ಪಕ್ಕದಲ್ಲೇ ಹಾಲಿನ ಬಿಸಿ ಮತ್ತು ಹಸಿ ಓದು ಇರಬೇಕು. ಆ ಎರಡು ಇಲ್ಲದ ಬಿಲ್ಲಿಗೆ ನಾನು ಸಹಿ ಹಾಕುವುದಿಲ್ಲ.